ವಸ್ತು ಬೇಡ, ಬಾಂಧವ್ಯ ಬೇಕು

ಕ್ರಿಸ್ಮಸ್ ಸಮೀಪಿಸುತ್ತಿದ್ದಂತೆ ಕರಾವಳಿಯ ನಮ್ಮ ಮನೆಗಳಲ್ಲಿ ಕೊಲ್ಲಿ ರಾಷ್ಟ್ರಗಳಿಂದ ರಜೆಯ ಮೇಲೆ ಬರುವವರ ನಿರೀಕ್ಷೆ ಆರಂಭವಾಗುತ್ತದೆ. ಅವರ ಪೆಟ್ಟಿಗೆಯಲ್ಲಿ ಮಕ್ಕಳಿಗೆ ಚಾಕಲೇಟು, ತಾಯಿಗೆ ಕಂಬಳಿ, ಅತ್ತಿಗೆಗೆ ಅತ್ತರು ಇರುವಂತೆಯೇ, ಮನೆಯ ಗಂಡಸರಿಗಾಗಿ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಕೊಂಡ ಒಂದೋ ಎರಡೋ ಬಾಟಲಿಗಳೂ ಇರುತ್ತವೆ. ಪ್ರಯಾಣಿಕನೊಬ್ಬನು ಎರಡು ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದಾದುದರಿಂದ, ಈ ಉಡುಗೊರೆ ನಮ್ಮಲ್ಲಿ ಒಂದು ಸಂಪ್ರದಾಯದಂತೆಯೇ ಬೆಳೆದು ಬಂದಿದೆ. ಆದರೆ ಆ ಬಾಟಲಿ ಮನೆಯೊಳಗೆ ಬರಲೇಬಾರದು ಎಂಬ ಸ್ಥಿತಿ ಒಂದು ಮನೆಗೆ ಒದಗಿದಾಗ, ಪ್ರೀತಿಯಿಂದ ತಂದವನಿಗೆ ಅದನ್ನು ಹೇಳುವ ಬಗೆ ಹೇಗೆ?

ನನಗೆ ಪರಿಚಿತವಾದ ಒಂದು ಕುಟುಂಬದ ಅನುಭವವನ್ನು ಅವರ ಅನುಮತಿಯಿಂದ ಇಲ್ಲಿ ಹೇಳುತ್ತಿದ್ದೇನೆ. ಮನೆಯ ಯಜಮಾನರು ಹಲವು ವರ್ಷ ಕುಡಿತಕ್ಕೆ ದಾಸರಾಗಿದ್ದು, ಚಿಕಿತ್ಸೆ ಪಡೆದು ಅದನ್ನು ತ್ಯಜಿಸಿದವರು. ಅಂಥವರಿಗೆ ಹತ್ತನೆಯ ಲೋಟಕ್ಕಿಂತ ಮೊದಲನೆಯ ಲೋಟವೇ ಅಪಾಯಕಾರಿ. ಕಪಾಟಿನಲ್ಲಿ ಮುಚ್ಚಳ ತೆರೆಯದೆ ಇರುವ ಬಾಟಲಿಯೂ ಅವರ ಪಾಲಿಗೆ ಪ್ರತಿದಿನದ ಪರೀಕ್ಷೆ. ಅವರ ಪತ್ನಿಯ ಅಣ್ಣ ದುಬೈಯಲ್ಲಿ ಉದ್ಯೋಗಿ. ಪ್ರತಿ ಡಿಸೆಂಬರ್‌ನಲ್ಲೂ ಭಾವನಿಗೆಂದು ಒಳ್ಳೆಯ ವಿಸ್ಕಿ ತರುವುದು ಅವರ ವಾಡಿಕೆ.

ಮೊದಲ ವರ್ಷ ಆ ಗೃಹಿಣಿ ಸಂಕೋಚದಿಂದ ಒಂದು ನೆಪ ಹೇಳಿದರು. "ಇವರಿಗೆ ರಕ್ತದೊತ್ತಡ ಸ್ವಲ್ಪ ಹೆಚ್ಚಾಗಿದೆ, ವಿಸ್ಕಿ ಬೇಡವೆಂದು ಡಾಕ್ಟರು ಹೇಳಿದ್ದಾರೆ" ಎಂದರು. ಅಣ್ಣ ವಿಸ್ಕಿಯನ್ನು ಬಿಟ್ಟು, ಹೃದಯಕ್ಕೆ ಒಳ್ಳೆಯದೆಂದು ಯಾರೋ ಹೇಳಿದ ದ್ರಾಕ್ಷಾರಸವನ್ನು ತಂದರು. ನೆಪದ ದೋಷವೇ ಇದು. ಕೊಡುವವನು ಆ ನೆಪಕ್ಕೆ ಪರಿಹಾರ ಹುಡುಕುತ್ತಾನೆ. ಜಾಗವಿಲ್ಲವೆಂದರೆ ಚಿಕ್ಕದನ್ನು ತರುತ್ತಾನೆ, ದುಬಾರಿಯೆಂದರೆ ಅಗ್ಗದ್ದನ್ನು ತರುತ್ತಾನೆ. ಮರುವರ್ಷ ಆಕೆ ಬಾಟಲಿಯನ್ನು ಮೌನವಾಗಿ ಸ್ವೀಕರಿಸಿ ನೆರೆಮನೆಯವರಿಗೆ ಕೊಟ್ಟುಬಿಟ್ಟರು. ಹಬ್ಬದ ಮೂರನೆಯ ದಿನ ಆ ನೆರೆಯವರು ಅಣ್ಣನನ್ನೇ ಊಟಕ್ಕೆ ಕರೆದು, "ನಿಮ್ಮ ತಂಗಿ ಕೊಟ್ಟದ್ದು" ಎಂದು ಅದೇ ಬಾಟಲಿಯನ್ನು ಮೇಜಿನ ಮೇಲಿಟ್ಟರು. ನೇರವಾಗಿ ಬೇಡವೆಂದಿದ್ದರೆ ಆಗುತ್ತಿದ್ದ ನೋವಿಗಿಂತ ಇದು ದೊಡ್ಡದಾಯಿತು.

ಮೂರನೆಯ ವರ್ಷ ಪತಿಪತ್ನಿಯರಿಬ್ಬರೂ ಕುಳಿತು ಯೋಚಿಸಿದರು. ಮಾತನಾಡಬೇಕಾದವರು ಯಾರು? ಉಡುಗೊರೆ ತಂಗಿಯ ತವರಿನಿಂದ ಬರುವುದರಿಂದ ತಂಗಿಯೇ ಮಾತನಾಡುವುದು ಯೋಗ್ಯ. ಭಾವನ ಬಾಯಿಂದ ಬಂದರೆ ಅದು ತಿರಸ್ಕಾರವೆನಿಸಬಹುದು. ಆದರೆ ಹೇಳಬೇಕಾದ ವಿಷಯ ಪತಿಯ ಬಾಳಿನದು. ಆದುದರಿಂದ ಎಷ್ಟನ್ನು ಹೇಳಬೇಕೆಂಬುದನ್ನು ಪತಿಯೇ ನಿರ್ಧರಿಸಿದರು. ಯಾವಾಗ? ಅಣ್ಣ ಬಂದಿಳಿದು ಎಲ್ಲರ ಮುಂದೆ ಪೆಟ್ಟಿಗೆ ತೆರೆದಾಗಲ್ಲ. ಅಕ್ಟೋಬರಿನಲ್ಲಿ, ಆತ ಇನ್ನೂ ಏನನ್ನೂ ಕೊಳ್ಳದಿರುವಾಗ. ಹಣ ವ್ಯಯವಾದ ಮೇಲೆ ಹೇಳಿದ ಮಾತು, ಎಷ್ಟೇ ಮೃದುವಾಗಿದ್ದರೂ, ಕೊಟ್ಟವನ ಕೈಯನ್ನು ಹಿಂದಕ್ಕೆ ತಳ್ಳಿದಂತೆಯೇ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿಯೂ ಅಲ್ಲ, ತಾಯಿಯ ಮೂಲಕವೂ ಅಲ್ಲ, ಅಣ್ಣನೊಬ್ಬನೊಡನೆ, ದೂರವಾಣಿಯಲ್ಲಿ.

ಆಕೆ ಹೇಳಿದ್ದು ಇಷ್ಟು: "ಅಣ್ಣಾ, ನೀನು ಬರುವ ದಿನವನ್ನು ನಾವೆಲ್ಲರೂ ಎಣಿಸುತ್ತಿದ್ದೇವೆ. ನೀನು ಪ್ರತಿವರ್ಷ ಇವರನ್ನು ಮರೆಯದೆ ತರುವುದನ್ನು ನಾವು ಮರೆತಿಲ್ಲ. ಆದರೆ ಇವರು ಕುಡಿಯುವುದನ್ನು ಪೂರ್ತಿ ಬಿಟ್ಟಿದ್ದಾರೆ. ಅದು ಮನೆಯಲ್ಲಿದ್ದರೆ ಇವರಿಗೆ ಕಷ್ಟವಾಗುತ್ತದೆ. ಈ ವರ್ಷದಿಂದ ಯಾವ ಬಾಟಲಿಯೂ ಬೇಡ. ಮೊದಲೇ ಹೇಳದೆ ನೆಪ ಹೇಳಿದ್ದು ನನ್ನ ತಪ್ಪು." ಮೊದಲು ಕೃತಜ್ಞತೆ, ಬಳಿಕ ಒಂದೇ ಒಂದು ಸತ್ಯವಾದ ಕಾರಣ, ಆಮೇಲೆ ಸಂದೇಹಕ್ಕೆ ಎಡೆಯಿಲ್ಲದ ಬೇಡಿಕೆ. "ಆದಷ್ಟು ಬೇಡ", "ನೋಡೋಣ" ಎಂಬ ಮಾತುಗಳನ್ನು ಆಕೆ ಬಳಸಲಿಲ್ಲ. ಅಂಥ ಮಾತುಗಳನ್ನು ನಮ್ಮವರು ಬರಿಯ ಉಪಚಾರವೆಂದೇ ಎಣಿಸುತ್ತಾರೆ.

ಅಣ್ಣ "ಆಗಲಿ" ಎಂದು ದೂರವಾಣಿಯನ್ನಿಟ್ಟರು. ಬಳಿಕ ಎರಡು ಭಾನುವಾರ ಅವರ ಕರೆ ಬರಲಿಲ್ಲ. ನೊಂದವರು ನಮ್ಮಲ್ಲಿ ಜಗಳವಾಡುವುದಿಲ್ಲ. ಮಾತು ಕಡಿಮೆ ಮಾಡುತ್ತಾರೆ. ಈ ಮೌನವನ್ನು ಕಂಡೂ ಸುಮ್ಮನಿದ್ದರೆ ಅದು ವರ್ಷಗಟ್ಟಲೆ ಗಟ್ಟಿಯಾಗುತ್ತದೆ. ಮೂರನೆಯ ಭಾನುವಾರ ಪತಿಯೇ ಕರೆ ಮಾಡಿದರು. ಆಗ ತಿಳಿದುಬಂದ ಸಂಗತಿ ಅವರನ್ನು ಮೂಕರನ್ನಾಗಿಸಿತು. ಹಿಂದೆ ಅಣ್ಣ ಮೊದಲ ಬಾರಿ ವಿದೇಶಕ್ಕೆ ಹೊರಟಾಗ ಟಿಕೆಟಿನ ಹಣ ಕೊಟ್ಟವರು ಈ ಭಾವನೇ. ಮರಳಿ ಕೊಡಹೋದಾಗ ತೆಗೆದುಕೊಂಡಿರಲಿಲ್ಲ. ಆ ಬಾಟಲಿ ಅಣ್ಣನ ಪಾಲಿಗೆ ವರ್ಷವರ್ಷವೂ ಸಲ್ಲಿಸುತ್ತಿದ್ದ ಋಣವಾಗಿತ್ತು. ಅದು ಬೇಡವೆಂದಾಗ ಋಣ ತೀರಿಸುವ ಏಕೈಕ ದಾರಿಯೂ ಮುಚ್ಚಿದಂತೆ ಅವರಿಗೆ ತೋರಿತ್ತು.

ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳಿರುವುದು ಇಲ್ಲಿಯೇ. ಉಡುಗೊರೆಯೊಳಗೆ ವಸ್ತುವೊಂದೇ ಇರುವುದಿಲ್ಲ. ಅದನ್ನು ಕೊಡುವವನ ಒಂದು ಮಾತೂ ಇರುತ್ತದೆ. ವಸ್ತುವನ್ನು ನಿರಾಕರಿಸಿದರೂ ಆ ಮಾತನ್ನು ಸ್ವೀಕರಿಸಲು ಬೇರೊಂದು ದಾರಿಯನ್ನು ನಾವೇ ತೆರೆದುಕೊಡಬೇಕು. ಭಾವ ಅಂದು, "ಈ ಬಾರಿ ನೀನು ಎರಡು ದಿನ ಮುಂಚಿತವಾಗಿ ಬಾ, ಇಬ್ಬರೂ ಸೇರಿ ಗೋದಲಿ ಕಟ್ಟೋಣ, ನನಗೆ ಅದೇ ಸಾಕು" ಎಂದು ಕೇಳಿಕೊಂಡರು. ಇನ್ನೊಂದು ದುಬಾರಿ ವಸ್ತುವನ್ನು ಕೇಳದೆ, ಅಣ್ಣ ಸಂತೋಷದಿಂದ ಕೊಡಬಲ್ಲ ಎರಡು ದಿನಗಳನ್ನು ಕೇಳಿದರು. ಅಣ್ಣ ಬಂದರು, ಪೆಟ್ಟಿಗೆಯಲ್ಲಿ ಖರ್ಜೂರದ ಪೊಟ್ಟಣವಿತ್ತು. ಮರಳುವಾಗ ತಂಗಿ ಕುಸ್ವಾರಿನ ಡಬ್ಬಿಯೊಂದನ್ನು ಅವರ ಪೆಟ್ಟಿಗೆಗೆ ಸೇರಿಸಿದರು.

ಬೇಡವಾದ ಉಡುಗೊರೆ ಈಗಾಗಲೇ ಕೈಸೇರಿದ್ದರೆ? ಅದನ್ನು ಎಲ್ಲರ ಮುಂದೆ ಹಿಂದಿರುಗಿಸಬೇಡಿ. ಕೃತಜ್ಞತೆ ಹೇಳಿ ಸ್ವೀಕರಿಸಿ, ಅದೇ ದಿನ ಕೊಟ್ಟವರೊಬ್ಬರನ್ನೇ ಕಂಡು ನಿಜವನ್ನು ತಿಳಿಸಿ, "ಇದನ್ನು ಏನು ಮಾಡೋಣ, ನೀವೇ ಹೇಳಿ" ಎಂದು ಕೇಳಿ. ತೀರ್ಮಾನ ಅವರದಾದಾಗ ಅವಮಾನಕ್ಕೆ ಎಡೆಯಿರದು.

ಒಂದು ಮಿತಿಯನ್ನೂ ಹೇಳಲೇಬೇಕು. ಅಜ್ಜಿ ಹೊಲಿದು ಕಳುಹಿಸಿದ ಬಣ್ಣ ಹಿಡಿಸದ ಅಂಗಿ, ದೊಡ್ಡಮ್ಮ ಕೊಟ್ಟ ಅತಿ ಸಿಹಿಯಾದ ಕೇಕು, ಇಂಥವುಗಳ ಬಗ್ಗೆ ಮಾತೆತ್ತುವ ಅಗತ್ಯವಿಲ್ಲ. ಅವುಗಳಿಂದ ನಮ್ಮ ಅಭಿರುಚಿಗೆ ಮಾತ್ರ ಕೊರತೆ, ಮನೆಗೆ ಹಾನಿಯಿಲ್ಲ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ, ಸಹೋದರನು ಎಡವುವುದಕ್ಕೆ ಕಾರಣವಾಗುವ ಊಟಪಾನೀಯಗಳನ್ನು ದೂರವಿಡುವುದೇ ಲೇಸೆಂದು ಬೋಧಿಸಿದ್ದಾರೆ. ಎಡವಿಸುವ ಉಡುಗೊರೆ ಯಾವುದು, ಕೇವಲ ಹಿಡಿಸದ ಉಡುಗೊರೆ ಯಾವುದು ಎಂಬುದನ್ನು ಮೊದಲು ವಿವೇಚಿಸೋಣ. ಮೊದಲನೆಯದಾದರೆ ಅಕ್ಟೋಬರಿನಲ್ಲೇ ಮಾತನಾಡೋಣ. ಎರಡನೆಯದಾದರೆ ಹಬ್ಬದ ದಿನ ಆ ಅಂಗಿಯನ್ನು ತೊಟ್ಟು ಅಜ್ಜಿಯ ಮುಂದೆ ನಿಲ್ಲೋಣ.