ಚಿತ್ರಕಥೆಯ ಪುಟಕ್ಕೂ ಒಂದು ಕರಡು ತಿದ್ದುಪಡಿ ಬೇಕು

ನಮ್ಮಲ್ಲಿ ಚಿತ್ರಕಥೆಯ ಪುಟವೊಂದು ಅಚ್ಚಿಗೆ ಹೋಗುವ ಮುನ್ನ ಯಾರಾದರೊಬ್ಬರು ಅದರ ಕಾಗುಣಿತವನ್ನು ನೋಡುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ಸರಿಯಾಗಿದ್ದರೆ ಪುಟ ಸರಿಯಾಯಿತೆಂದು ಭಾವಿಸುತ್ತಾರೆ. ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಗದ್ಯದ ಪುಟದಲ್ಲಿ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಸಾಲುಗಳೇ ತೀರ್ಮಾನಿಸುತ್ತವೆ. ಚಿತ್ರಕಥೆಯಲ್ಲಿ ಅದನ್ನು ಚೌಕಟ್ಟುಗಳ ಜೋಡಣೆ, ಮಾತಿನ ಗುಳ್ಳೆಗಳ ಸ್ಥಾನ ಮತ್ತು ಅಕ್ಷರಗಳ ಗಾತ್ರ ತೀರ್ಮಾನಿಸುತ್ತವೆ. ಈ ಮೂರರಲ್ಲಿ ಒಂದು ತಪ್ಪಿದರೂ ಕಾಗುಣಿತ ಶುದ್ಧವಾಗಿದ್ದೇ ಕಥೆ ಅಶುದ್ಧವಾಗುತ್ತದೆ.

ಮಾತು ಸ್ಪಷ್ಟವಾಗಲೆಂದು ಒಂದು ಪುಟವನ್ನೇ ಎದುರಿಗಿಟ್ಟುಕೊಳ್ಳೋಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಚಿತ್ರಕಲಾ ಶಿಕ್ಷಕ. ತನ್ನ ಶಾಲೆಯ ವಾರ್ಷಿಕ ಸಂಚಿಕೆಗಾಗಿ ಅವನು ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಒಂದು ಪುಟದಲ್ಲಿ ಬರೆದು, "ಮೇಷ್ಟ್ರೇ, ಒಮ್ಮೆ ನೋಡಿಕೊಡಿ" ಎಂದು ಕಳುಹಿಸಿದ್ದ. ಒಟ್ಟು ಆರು ಚೌಕಟ್ಟುಗಳು. ಮೇಲೆ ಪುಟದ ಅಗಲಕ್ಕೂ ಹರಡಿದ ಮೊದಲನೆಯದರಲ್ಲಿ ರಾಜನು ಮನೆಮನೆಗೂ ಬೆಕ್ಕಿನ ಮರಿಯನ್ನೂ ಹಸುವನ್ನೂ ಕೊಡಿಸುತ್ತಾನೆ. ನಡುವಿನ ಪಟ್ಟಿಯ ಎಡಗಡೆ ಒಂದರ ಕೆಳಗೊಂದು ಎರಡು ಚಿಕ್ಕ ಚೌಕಟ್ಟುಗಳಿವೆ: ಎರಡನೆಯದರಲ್ಲಿ ರಾಮಕೃಷ್ಣ ಕುದಿಯುವ ಹಾಲನ್ನು ಮರಿಯ ಮುಂದಿಡುತ್ತಾನೆ, ಮೂರನೆಯದರಲ್ಲಿ ಮರಿ ನಾಲಿಗೆ ಸುಟ್ಟುಕೊಂಡು ಓಡುತ್ತದೆ. ಬಲಗಡೆ ಇವೆರಡರಷ್ಟೂ ಎತ್ತರವಾದ ನಾಲ್ಕನೆಯ ಚೌಕಟ್ಟು. ಅದರಲ್ಲಿ ತಿಂಗಳುಗಳು ಕಳೆದಿವೆ, ಬಡಕಲು ಬೆಕ್ಕು ಹಾಲಿನ ಬಟ್ಟಲಿಗೆ ಬೆನ್ನು ತಿರುಗಿಸಿ ಕುಳಿತಿದೆ. ಕೆಳಗಿನ ಪಟ್ಟಿಯಲ್ಲಿ ಆಸ್ಥಾನದ ವಿಚಾರಣೆ ಮತ್ತು ರಾಜನ ನಗು.

ಮೊದಲ ಪರೀಕ್ಷೆಯನ್ನು ಮಾತುಗಳನ್ನು ಮುಚ್ಚಿ ಮಾಡಬೇಕು. ಗುಳ್ಳೆಗಳ ಮೇಲೆ ಬಿಳಿಯ ಕಾಗದದ ಚೂರುಗಳನ್ನು ಅಂಟಿಸಿ, ಕಥೆಯನ್ನು ಕೇಳಿರದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ಚೌಕಟ್ಟುಗಳಿಗೆ ಸಂಖ್ಯೆ ಹಾಕಲು ಹೇಳಬೇಕು. ಕಥೆ ಗೊತ್ತಿರುವ ನಾವು ಈ ಪರೀಕ್ಷೆಗೆ ಯೋಗ್ಯರಲ್ಲ. ನಮ್ಮ ಕಣ್ಣು ತಪ್ಪು ಜೋಡಣೆಯನ್ನೂ ಸರಿಪಡಿಸಿಕೊಂಡೇ ಓದುತ್ತದೆ. ಐದು ಮಕ್ಕಳಿಗೆ ಕೊಟ್ಟಾಗ ಮೂವರು ಎರಡನೆಯ ಚೌಕಟ್ಟಿನಿಂದ ನೇರವಾಗಿ ಬಲಕ್ಕೆ ಹಾರಿ ಎತ್ತರದ ಚೌಕಟ್ಟಿಗೆ ಮೂರು ಎಂದು ಬರೆದರು. ಅಂದರೆ ಅವರ ಪಾಲಿಗೆ ಬೆಕ್ಕು ಮೊದಲು ಹಾಲನ್ನು ದ್ವೇಷಿಸಿತು, ಆಮೇಲೆ ನಾಲಿಗೆ ಸುಟ್ಟುಕೊಂಡಿತು! ಕಾರ್ಯವು ಕಾರಣಕ್ಕಿಂತ ಮುಂದೆ ಬಂದಿತು.

ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಂಬ ಓದಿನ ಅಭ್ಯಾಸವೊಂದೇ ಇಲ್ಲಿ ಕೆಲಸ ಮಾಡುವುದಿಲ್ಲ. ನೀಲ್ ಕೋನ್ ಎಂಬ ಅಮೆರಿಕದ ವಿದ್ವಾಂಸರು ಬರಿಯ ಖಾಲಿ ಚೌಕಟ್ಟುಗಳ ಪುಟಗಳನ್ನು ಜನರ ಮುಂದಿಟ್ಟು, ಯಾವ ಕ್ರಮದಲ್ಲಿ ಓದುವಿರಿ ಎಂದು ಕೇಳಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಬಲಗಡೆ ಎತ್ತರದ ಚೌಕಟ್ಟು ಗೋಡೆಯಂತೆ ಅಡ್ಡ ನಿಂತಾಗ ಬಹುಪಾಲು ಓದುಗರು ಬಲಕ್ಕೆ ಹೋಗದೆ ಕೆಳಗಿಳಿಯುತ್ತಾರೆ ಎಂದು ಅವರು ಕಂಡುಕೊಂಡರು. ಚೌಕಟ್ಟುಗಳ ನಡುವಿನ ಅಂತರ ಬದಲಾದರೆ ಓದಿನ ದಾರಿಯೂ ಬದಲಾಗಬಹುದು ಎಂಬುದನ್ನೂ ಅವರು ಗಮನಿಸಿದ್ದಾರೆ. ಹಾಗಾದರೆ ನಮ್ಮ ಪುಟದಲ್ಲಿ ಮಕ್ಕಳು ಏಕೆ ಬಲಕ್ಕೆ ಹಾರಿದರು? ಅಡಿಕೋಲು ಇಟ್ಟು ನೋಡಿದಾಗ ಉತ್ತರ ಸಿಕ್ಕಿತು. ಎರಡನೆಯ ಮತ್ತು ಮೂರನೆಯ ಚೌಕಟ್ಟುಗಳ ನಡುವಿನ ಬಿಳಿಯ ಓಣಿ 6 ಮಿಲಿಮೀಟರ್ ಇತ್ತು. ಎರಡನೆಯದಕ್ಕೂ ಎತ್ತರದ ಚೌಕಟ್ಟಿಗೂ ನಡುವೆ ಕೇವಲ 2 ಮಿಲಿಮೀಟರ್. ಕಣ್ಣು ಹತ್ತಿರದ ನೆಂಟನ ಮನೆಗೇ ಹೋಯಿತು. ಅಳತೆಯನ್ನು ಅದಲು ಬದಲು ಮಾಡಿ, ಕೆಳಗಿಳಿಯುವ ಓಣಿಯನ್ನು ಕಿರಿದಾಗಿಸಿ ಪಕ್ಕದ ಓಣಿಯನ್ನು ಅಗಲವಾಗಿಸಿದ ಮೇಲೆ ಬೇರೆ ಮಕ್ಕಳಿಗೆ ಕೊಟ್ಟೆವು, ತೊಡಕು ಕಾಣಲಿಲ್ಲ. ಎತ್ತರದ ಚೌಕಟ್ಟು ಎಡಗಡೆ ಇದ್ದು ಎರಡು ಚಿಕ್ಕವು ಬಲಗಡೆ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದನ್ನೂ ಓದುಗರು ಗಮನಿಸಬೇಕು.

ಕೆಲವರು ಇಂಥಲ್ಲಿ ಒಂದು ಬಾಣದ ಗುರುತು ಹಾಕಿ ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಾಣ ಕಣ್ಣಿಗೆ ಬೀಳುವಷ್ಟರಲ್ಲಿ ಓದುಗನ ದೃಷ್ಟಿ ತಪ್ಪು ಚಿತ್ರವನ್ನು ನೋಡಿಬಿಟ್ಟಿರುತ್ತದೆ. ನೋಡಿದ್ದನ್ನು ನೋಡದಂತೆ ಮಾಡಲು ಬರುವುದಿಲ್ಲ.

ಎರಡನೆಯ ಪರೀಕ್ಷೆ ಇದರ ವಿರುದ್ಧ: ಚಿತ್ರಗಳನ್ನು ಮರೆತು ಗುಳ್ಳೆಗಳನ್ನು ಮಾತ್ರ, ಕಣ್ಣಿಗೆ ಬಿದ್ದ ಕ್ರಮದಲ್ಲಿ ಗಟ್ಟಿಯಾಗಿ ಓದಬೇಕು. ಐದನೆಯ ಚೌಕಟ್ಟಿನಲ್ಲಿ ರಾಮಕೃಷ್ಣ ಎಡಗಡೆ ನಿಂತಿದ್ದಾನೆ, ರಾಜ ಬಲಗಡೆ ಸಿಂಹಾಸನದಲ್ಲಿದ್ದಾನೆ. ಎರಡು ಗುಳ್ಳೆಗಳೂ ಒಂದೇ ಎತ್ತರದಲ್ಲಿವೆ. ಓದಿದರೆ ಹೀಗೆ ಕೇಳಿಸಿತು: "ಪ್ರಭು, ಇದು ಹಾಲನ್ನು ಕಂಡರೆ ಓಡುತ್ತದೆ." ಅನಂತರ, "ಈ ಬೆಕ್ಕು ಏಕೆ ಇಷ್ಟು ಬಡಕಲಾಗಿದೆ?" ಪ್ರಶ್ನೆಗೆ ಮುನ್ನವೇ ಉತ್ತರ ಬಂದುಬಿಟ್ಟಿತು, ರಾಮಕೃಷ್ಣನ ಚಮತ್ಕಾರದ ಮಾತು ಸಪ್ಪೆಯಾಯಿತು.

ಮೊದಲು ಮಾತನಾಡುವವನನ್ನು ಎಡಗಡೆ ನಿಲ್ಲಿಸುವುದು ಇದಕ್ಕೆ ಸುಲಭದ ಪರಿಹಾರ. ಆದರೆ ಅದನ್ನು ಪೆನ್ಸಿಲ್ ಗೆರೆಯ ಹಂತದಲ್ಲಿಯೇ ಮಾಡಬೇಕು. ಶಾಯಿ ಬಿದ್ದ ಮೇಲೆ ರಾಜನನ್ನು ಸಿಂಹಾಸನಸಹಿತ ಎತ್ತಿ ಆಚೆಗಿಡಲಾಗದು. ಆದ್ದರಿಂದ ಇಲ್ಲಿ ಎರಡನೆಯ ಪರಿಹಾರವನ್ನು ಹಿಡಿಯಬೇಕಾಯಿತು. ರಾಜನ ಗುಳ್ಳೆಯನ್ನು ಚೌಕಟ್ಟಿನ ನೆತ್ತಿಗೆ ಏರಿಸಿ ಎಡಕ್ಕೆ ಎಳೆದು, ರಾಮಕೃಷ್ಣನ ಗುಳ್ಳೆಯನ್ನು ಅದರ ಕೆಳಗೆ ತಂದೆವು. ಈ ಏರಿಳಿತ ಅರೆಮನಸ್ಸಿನದಾಗಬಾರದು. ಮೇಲಿನ ಗುಳ್ಳೆಯ ಬುಡ ಕೆಳಗಿನ ಗುಳ್ಳೆಯ ನೆತ್ತಿಗಿಂತ ಮೇಲಿದ್ದರೆ ಮಾತ್ರ ಕ್ರಮ ಖಚಿತವಾಗುತ್ತದೆ. ಸ್ವಲ್ಪವೇ ಮೇಲೆ ಸರಿಸಿದರೆ ಎಡಗಡೆಯದೇ ಗೆಲ್ಲುತ್ತದೆ. ಗುಳ್ಳೆಯ ಬಾಲವು ಮಾತನಾಡುವವನ ಬಾಯಿಯ ದಿಕ್ಕಿಗೆ ಚಾಚಿರಬೇಕು, ತಲೆಗೋ ಹೆಗಲಿಗೋ ಅಲ್ಲ. ಎರಡು ಬಾಲಗಳು ಒಂದನ್ನೊಂದು ದಾಟಿದರೆ ಆ ಚೌಕಟ್ಟನ್ನು ಎರಡಾಗಿ ಒಡೆಯುವುದೇ ಲೇಸು. ಗುಳ್ಳೆಗಾಗಿ ಬಿಳಿಯ ಜಾಗವನ್ನು ಮೊದಲೇ ಬಿಡದಿದ್ದರೆ ಅದು ಮುಖದ ಮೇಲೋ, ಕೈಯ ಮೇಲೋ ಬಂದು ಕೂರುತ್ತದೆ. ಇಲ್ಲಿ ಅದು ಬೆಕ್ಕಿನ ಬಾಲವನ್ನು ನುಂಗಿತ್ತು. ಬೆಕ್ಕಿನ ಕಥೆಯಲ್ಲಿ ಅದು ಸಣ್ಣ ನಷ್ಟವೇನಲ್ಲ.

ಮೂರನೆಯದು ಅಕ್ಷರದ ಗಾತ್ರ. ಕನ್ನಡದ ಚಿತ್ರಕಥೆಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ಮಾತಿನ ಗುಳ್ಳೆಯ ಮಾದರಿ ನಮಗೆ ಬಂದಿದ್ದು ಇಂಗ್ಲಿಷಿನಿಂದ. ಇಂಗ್ಲಿಷ್ ಕಾಮಿಕ್ಸುಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಅವುಗಳಿಗೆ ಮೇಲೆ ಕೊಂಬಿಲ್ಲ, ಕೆಳಗೆ ಬಾಲವಿಲ್ಲ. ಸಾಲುಗಳನ್ನು ಇಟ್ಟಿಗೆಯಂತೆ ಒತ್ತಾಗಿ ಜೋಡಿಸಬಹುದು. ಕನ್ನಡದ ಸಾಲು ಮೂರು ಅಂತಸ್ತಿನ ಮನೆ: ನಡುವೆ ಅಕ್ಷರ, ಮೇಲೆ ಗುಡಿಸು ಏತ್ವಗಳು, ಕೆಳಗೆ ಒತ್ತಕ್ಷರ. ಅಕ್ಷರದ ಒಡಲು 2 ಮಿಲಿಮೀಟರ್ ಇದ್ದರೆ ಇಂಗ್ಲಿಷಿಗೆ ಸಾಲಿನಿಂದ ಸಾಲಿಗೆ 3 ಮಿಲಿಮೀಟರ್ ಸಾಕು. ಕನ್ನಡಕ್ಕೆ 5 ಬೇಕು. 16 ಮಿಲಿಮೀಟರ್ ಎತ್ತರದ ಗುಳ್ಳೆಯಲ್ಲಿ ಅವರ ಐದು ಸಾಲು ಹಿಡಿದರೆ ನಮ್ಮದು ಮೂರೇ. ಇದನ್ನು ಲೆಕ್ಕಿಸದೆ ಅವರ ಅಳತೆಯ ಗುಳ್ಳೆಯನ್ನು ಬರೆದು, ಮಾತು ಹಿಡಿಯದಾದಾಗ ಅಕ್ಷರವನ್ನು ಕುಗ್ಗಿಸುವುದು ನಮ್ಮ ವಾಡಿಕೆಯಾಗಿದೆ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ.

ಜೊತೆಗೆ ಮುದ್ರಣದ ಕುಗ್ಗುವಿಕೆಯೊಂದಿದೆ. ನಮ್ಮ ಪುಟವನ್ನು ಎ3 ಹಾಳೆಯಲ್ಲಿ ಬರೆದಿದ್ದ; ಸಂಚಿಕೆಯ ಅಳತೆ ಎ5. ಎ3ರಿಂದ ಎ4ಕ್ಕೆ ಇಳಿದರೆ ಉದ್ದ ಅಗಲಗಳು ಸುಮಾರು ಶೇಕಡ 71ಕ್ಕೆ ಇಳಿಯುತ್ತವೆ. ಎ5ಕ್ಕೆ ಇಳಿದರೆ ಸರಿಯಾಗಿ ಅರ್ಧ. ಹಾಳೆಯ ಮೇಲೆ 3 ಮಿಲಿಮೀಟರ್ ಒಡಲಿನ, ದುಂಡಗೆ ಕಾಣುತ್ತಿದ್ದ ಅಕ್ಷರ ಅಚ್ಚಿನಲ್ಲಿ ಒಂದೂವರೆ ಮಿಲಿಮೀಟರ್ ಆಗುತ್ತದೆ. ಎರಡನೆಯ ಚೌಕಟ್ಟಿನಲ್ಲಿ ರಾಮಕೃಷ್ಣ, "ಧನ ಸಿಗಲಿಲ್ಲ, ದನ ಸಿಕ್ಕಿತು" ಎಂದು ನಗುತ್ತಾನೆ. ಹಾಸ್ಯವೆಲ್ಲ ನಿಂತಿರುವುದು ಮಹಾಪ್ರಾಣದ ಹೊಟ್ಟೆಯ ಆ ಒಂದು ಸೀಳಿನ ಮೇಲೆ. ಸಂಚಿಕೆಯ ಅಳತೆಗೆ ಕುಗ್ಗಿಸಿ ಜೆರಾಕ್ಸ್ ತೆಗೆದಾಗ ಸೀಳು ಮಸಿಯಲ್ಲಿ ಮುಚ್ಚಿಹೋಗಿ ಎರಡೂ ದನಗಳೇ ಆದವು! ರ ಮತ್ತು ಠ, ಪ ಮತ್ತು ಷ ಕೂಡ ಹೀಗೆಯೇ ಒಂದಾಗಿಬಿಡುತ್ತವೆ. ಆದ್ದರಿಂದ ಪರೀಕ್ಷೆಯನ್ನು ಗಣಕದ ಪರದೆಯ ಮೇಲಾಗಲಿ, ಮೂಲ ಹಾಳೆಯ ಮೇಲಾಗಲಿ ಮಾಡಬಾರದು. ಅಚ್ಚಾಗುವ ಅಳತೆಯಲ್ಲಿ ಒಂದು ಪ್ರತಿ ತೆಗೆದು, ಪುಸ್ತಕ ಹಿಡಿಯುವಷ್ಟು ದೂರದಲ್ಲಿ ಹಿಡಿದು ಈ ಜೋಡಿ ಅಕ್ಷರಗಳನ್ನು ಹುಡುಕಬೇಕು. ಮಕ್ಕಳ ಓದಿಗೆ ಅಚ್ಚಿನಲ್ಲಿ ಒಡಲು 2 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬುದು ನಾನು ಇಟ್ಟುಕೊಂಡ ಅಳತೆ. ಎಂದರೆ ನಮ್ಮ ಹಾಳೆಯಲ್ಲಿ ಅದು 4 ಇರಬೇಕಿತ್ತು.

ಅಕ್ಷರ ದೊಡ್ಡದಾದರೆ ಮಾತು ಹಿಡಿಯುವುದು ಹೇಗೆ? ನನ್ನ ಉತ್ತರ ಒಂದೇ: ಮಾತನ್ನು ಕತ್ತರಿಸಿ, ಅಕ್ಷರವನ್ನಲ್ಲ. ಮೊದಲ ಚೌಕಟ್ಟಿನಲ್ಲಿ ರಾಜನು, "ಇಲಿಗಳ ಕಾಟವನ್ನು ತಪ್ಪಿಸುವುದಕ್ಕಾಗಿ ಪ್ರತಿಯೊಂದು ಮನೆಗೂ ಒಂದೊಂದು ಬೆಕ್ಕಿನ ಮರಿಯನ್ನೂ ಅದಕ್ಕೆ ಹಾಲುಣಿಸಲು ಒಂದೊಂದು ಹಸುವನ್ನೂ ಕೊಡಲಾಗುವುದು" ಎಂದು ಸುತ್ತೋಲೆ ಓದುತ್ತಿದ್ದ. ಹದಿಮೂರು ಪದಗಳು. ಅದನ್ನು, "ಇಲಿ ಹಿಡಿಯಲು ಮನೆಗೊಂದು ಬೆಕ್ಕು. ಅದರ ಹಾಲಿಗೆ ಮನೆಗೊಂದು ಹಸು" ಎಂದು ಎಂಟಕ್ಕೆ ಇಳಿಸಿದೆವು. ಬೆಕ್ಕಿನ ಮರಿಗಳೂ ಹಸುಗಳೂ ಚಿತ್ರದಲ್ಲಿಯೇ ಕಾಣುತ್ತಿರುವಾಗ ರಾಜನು ಅವನ್ನು ಅಷ್ಟು ವಿವರಿಸಬೇಕಾಗಿಲ್ಲ. ಗುಳ್ಳೆಯ ಆಕಾರವನ್ನೂ ಬದಲಿಸಿದೆವು. ಮೊಟ್ಟೆಯಾಕಾರದ ಗುಳ್ಳೆಯ ಮೇಲುತುದಿ ಕೆಳತುದಿಗಳಲ್ಲಿ ಚಿಕ್ಕ ಪದ ಮಾತ್ರ ಹಿಡಿಯುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡ ನಮ್ಮ ಉದ್ದ ಪದಗಳಿಗೆ ಮೂಲೆ ಮಾತ್ರ ದುಂಡಗಿರುವ ಆಯತವೇ ಹಿತ. ಪದವನ್ನು ನಡುವೆ ಮುರಿಯಬಾರದು. ಅನಿವಾರ್ಯವಾದರೆ ಸಂಧಿಯನ್ನು ಬಿಡಿಸಿ "ಹಾಲನ್ನೇಕೆ" ಎಂಬುದನ್ನು "ಹಾಲನ್ನು" ಒಂದು ಸಾಲಿಗೆ, "ಏಕೆ" ಮುಂದಿನ ಸಾಲಿಗೆ ಎಂದು ಬರೆಯಬಹುದು. ಗಣಕದಲ್ಲಿ ಅಕ್ಷರ ಜೋಡಿಸಿದ್ದರೆ ಇನ್ನೊಂದನ್ನು ನೋಡಬೇಕು: ತಂತ್ರಾಂಶಕ್ಕೆ ಕನ್ನಡ ಸರಿಯಾಗಿ ಬಾರದಿದ್ದರೆ "ಪ್ರಶ್ನೆ" ಎಂಬುದು "ಪ್‌ರಶ್‌ನೆ" ಎಂದು ಕಳಚಿ ನಿಂತಿರುತ್ತದೆ.

ಈ ಮೂರೂ ಪರೀಕ್ಷೆಗಳಿಗೆ ಒಂದು ಗಂಟೆ ಹಿಡಿಯಬಹುದು. ಆದರೆ ಅವುಗಳ ಕಾಲ ಮುಖ್ಯ. ಚೌಕಟ್ಟು, ಗುಳ್ಳೆಗಳ ಪರೀಕ್ಷೆ ಪೆನ್ಸಿಲ್ ಹಂತದಲ್ಲಿ ಆಗಬೇಕು. ಆ ಹಾಳೆಯಲ್ಲಿಯೇ ಮಾತುಗಳನ್ನು ನಿಜವಾದ ಗಾತ್ರದಲ್ಲಿ ಬರೆದು ನೋಡಿರಬೇಕು. ಶಾಯಿಯ ನಂತರ ಉಳಿಯಬೇಕಾದದ್ದು ಅಚ್ಚಿನ ಅಳತೆಯ ಓದು ಮಾತ್ರ. ನಮ್ಮ ಪುಟ ಶಾಯಿಯಾದ ಮೇಲೆ ಕೈಸೇರಿದ್ದರಿಂದ ರಾಜ ಇನ್ನೂ ಬಲಗಡೆಯೇ ಕುಳಿತಿದ್ದಾನೆ, ಅವನ ಗುಳ್ಳೆಯ ಬಾಲ ಬೇಕಾದ್ದಕ್ಕಿಂತ ಉದ್ದವಾಗಿದೆ. ಮುಂದಿನ ವರ್ಷದ ಸಂಚಿಕೆಗೆ ಪೆನ್ಸಿಲ್ ಹಾಳೆಯನ್ನೇ ಕಳುಹಿಸುತ್ತೇನೆಂದು ಅವನು ಬರೆದಿದ್ದಾನೆ. ಶಾಲಾ ಸಂಚಿಕೆಗಳನ್ನು ಹೊರತರುವ ಇತರ ಮಿತ್ರರೂ ಕಾಗುಣಿತ ನೋಡುವವರ ಕೈಗೆ ಕೆಂಪು ಲೇಖನಿಯ ಜೊತೆ ಒಂದು ಅಡಿಕೋಲನ್ನೂ ಕೊಡಲಿ ಎಂಬುದಷ್ಟೇ ನನ್ನ ಕೋರಿಕೆ.