ಪರಾಕಾಷ್ಠೆಯೂ ನಾಯಕನ ದೋಷವೂ

ಸುರಪುರದ ಅರಸನಾದ ರಾಜಾ ವೆಂಕಟಪ್ಪ ನಾಯಕನನ್ನು ಕುರಿತು ನಾಟಕವನ್ನಾಗಲಿ ಕಾದಂಬರಿಯನ್ನಾಗಲಿ ರಚಿಸಹೊರಡುವ ಲೇಖಕನ ಕಣ್ಣು ಮೊದಲು ಬೀಳುವುದು 1858ರ ಫೆಬ್ರವರಿಯ ಕಾಳಗದ ಮೇಲೆ. ಬೆಟ್ಟದ ನಡುವಣ ಊರು, ಬೇಡರ ಪಡೆ, ಇರುಳ ದಾಳಿ, ಕ್ಯಾಪ್ಟನ್ ನ್ಯೂಬೆರಿಯ ಮರಣ, ಇವೆಲ್ಲವೂ ರಂಗಕ್ಕೆ ಒಪ್ಪುವ ಸಾಮಗ್ರಿಯೇ ಸರಿ. ಆದರೆ ಕಥೆಯ ಪರಾಕಾಷ್ಠೆ ಅಲ್ಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಶತ್ರುಸೈನ್ಯವು ಊರ ಬಾಗಿಲಿಗೆ ಬಂದು ನಿಂತಾಗ ಯಾವ ಅರಸನಾದರೂ ಕಾದುವನು, ಶರಣಾಗುವನು, ಇಲ್ಲವೆ ತಪ್ಪಿಸಿಕೊಳ್ಳುವನು. ಆ ನಿರ್ಧಾರವನ್ನು ಅವನಿಂದ ಮಾಡಿಸುವುದು ಹೊರಗಣ ಸೈನ್ಯವೇ ಹೊರತು ಒಳಗಣ ಸ್ವಭಾವವಲ್ಲ.

ನಿಜವಾದ ಪರಾಕಾಷ್ಠೆ ಕೆಲವು ತಿಂಗಳುಗಳ ತರುವಾಯ ಹೈದರಾಬಾದಿನಿಂದ ಹೊರಟ ದಾರಿಯ ಒಂದು ಡೇರೆಯಲ್ಲಿದೆ. ಹೈದರಾಬಾದಿನಲ್ಲಿ ಸೆರೆಸಿಕ್ಕಿದ ರಾಜನಿಗೆ ಮೊದಲು ಮರಣದಂಡನೆಯಾಗಿ, ಆಮೇಲೆ ಅದು ಇಳಿಯುತ್ತ ಬಂದು, ಕೊನೆಗೆ ಗವರ್ನರ್ ಜನರಲ್ಲನ ಆಜ್ಞೆಯಿಂದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಬಂಧನವಾಗಿ ನಿಂತಿತು. ನಡತೆ ನೆಟ್ಟಗಿದ್ದರೆ ಸಂಸ್ಥಾನವು ಮರಳಿ ದೊರೆಯುವ ಭರವಸೆಯೂ ಅದರೊಡನೆ ಇದ್ದಿತು. ಬಾಲ್ಯದಲ್ಲಿ ಅವನನ್ನು ಸಾಕಿ ಸಂಸ್ಥಾನವನ್ನು ನೋಡಿಕೊಂಡಿದ್ದ, ಅವನು 'ಅಪ್ಪಾ' ಎಂದೇ ಕರೆಯುತ್ತಿದ್ದ ಮೆಡೋಸ್ ಟೇಲರನ ಆತ್ಮಕಥೆಯ ಪ್ರಕಾರ, ಪಯಣದ ಮೊದಲ ತಂಗುದಾಣದಲ್ಲಿ ಕಾವಲಿನ ಅಧಿಕಾರಿಯು ಕಳಚಿಟ್ಟಿದ್ದ ನಡುಪಟ್ಟಿಯಿಂದ ಪಿಸ್ತೂಲನ್ನು ತೆಗೆದುಕೊಂಡು ರಾಜನು ತನಗೆ ತಾನೇ ಗುಂಡು ಹೊಡೆದುಕೊಂಡನು. ಗಲ್ಲಿನ ಆಜ್ಞೆಯೇ ಉಳಿದಿದ್ದರೆ ಈ ಕೃತ್ಯವು ಒಂದು ಸಾವಿನ ಬದಲು ಇನ್ನೊಂದು ಸಾವನ್ನು ಆರಿಸಿಕೊಂಡಂತೆ ಆಗುತ್ತಿತ್ತು, ಅಷ್ಟೆ. ಬದುಕುವ ದಾರಿ ತೆರೆದ ಮೇಲೂ ಅದನ್ನು ತುಳಿಯಲಾರದೆ ಹೋದುದರಿಂದಲೇ ಇದು ಅವನೊಬ್ಬನ ನಿರ್ಧಾರವಾಯಿತು.

ನಮ್ಮ ರನ್ನನು 10ನೆಯ ಶತಮಾನದಲ್ಲಿಯೇ ಈ ಮರ್ಮವನ್ನು ಅರಿತಿದ್ದನು. ವೈಶಂಪಾಯನ ಸರೋವರದಲ್ಲಿ ಒಂದು ದಿನ ಅಡಗಿದ್ದರೆ ದುರ್ಯೋಧನನಿಗೆ ನೆರವು ಒದಗುವಂತಿದೆ. ಭೀಷ್ಮನು ಹೇಳಿದ ಹಿತವೂ ಅದೇ. ಭೀಮನು ಅವನನ್ನು ನೀರಿನಿಂದ ಎಳೆದು ತರುವುದಿಲ್ಲ, ಮೂದಲಿಸುತ್ತಾನೆ. ಛಲದಂಕಮಲ್ಲನಲ್ಲದೆ ಬೇರೊಬ್ಬನಾಗಿದ್ದರೆ ಆ ಮಾತು ನೀರಿನ ಮೇಲೆಯೇ ಉಳಿಯುತ್ತಿತ್ತು.

ಆದುದರಿಂದ ಲೇಖಕನು ಮೊದಲು ಮಾಡಬೇಕಾದ ಕೆಲಸವೆಂದರೆ ನಾಯಕನನ್ನು ಅಂತಹ ನಿರ್ಧಾರಕ್ಕೆ ಒಯ್ಯುವ ದೋಷವನ್ನು ಖಚಿತವಾಗಿ ನಿರೂಪಿಸಿಕೊಳ್ಳುವುದು. ವೆಂಕಟಪ್ಪ ನಾಯಕನ ದೋಷವು 'ಅಭಿಮಾನ'ವೆಂದರೆ ಸಾಲದು. ಅಭಿಮಾನಿಯು ಫೆಬ್ರವರಿಯ ಇರುಳಿನಲ್ಲಿ ಊರನ್ನು ಬಿಟ್ಟು ಹೈದರಾಬಾದಿಗೆ ಹೋದುದೇಕೆ? ಟೇಲರನು ಸೆರೆಮನೆಯಲ್ಲಿ ಕಂಡಾಗ, ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಲಿ ಎಂದೂ, ಕೀಳಾದ ಬೇಡನೂ ಸೆರೆಯಲ್ಲಿ ಬದುಕಲಾರನೆಂದೂ ಅವನು ಹೇಳಿಕೊಂಡನಂತೆ. ಕಾದಬಲ್ಲ, ಓಡಬಲ್ಲ, ಸಾಯಲೂ ಬಲ್ಲ. ಆದರೆ ಪರರ ಬೀಗದ ಕೆಳಗೆ ಕಾಯುತ್ತ ಕೂರಲಾರ: ಇದು ಅವನ ದೋಷ. ಇಷ್ಟು ಖಚಿತವಾದ ಮೇಲೆ ಕಾಳಗವೂ ಪಲಾಯನವೂ ಒಂದೇ ಸ್ವಭಾವದ ಎರಡು ಮುಖಗಳಾಗಿ, ಡೇರೆಯ ದೃಶ್ಯಕ್ಕೆ ಪೂರ್ವಸಿದ್ಧತೆಯಾಗಿ ನಿಲ್ಲುತ್ತವೆ. 1705ರಲ್ಲಿ ಔರಂಗಜೇಬನು ವಾಗಿನಗೇರೆಯನ್ನು ಮುತ್ತಿದಾಗ ಇವನ ಪೂರ್ವಜನಾದ ಪಿಡ್ಡ ನಾಯಕನು ಇರುಳಿನಲ್ಲಿ ನುಸುಳಿಹೋಗಿ ಉಳಿದುಕೊಂಡನು, ವಂಶವೂ ಉಳಿಯಿತು. ಈ ಕಥೆಯನ್ನು ಮೊದಲ ಅಂಕದಲ್ಲಿಯೇ ಆಸ್ಥಾನದ ಹಿರಿಯನೊಬ್ಬನು ಹುಡುಗ ಅರಸನಿಗೆ ಹೆಮ್ಮೆಯಿಂದ ಹೇಳಲಿ. ಸೆರೆಯಿಂದ ನುಸುಳುವುದೇ ಗೆಲುವೆಂಬ ಪಾಠವನ್ನು ಅವನು ಅಲ್ಲಿಯೇ ಕಲಿಯಲಿ.

ಇಲ್ಲಿ ಒಂದು ಅಪಾಯವುಂಟು. ರಾಜನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಳಿಯುವನೆಂದು ಜಾತಕದಲ್ಲಿ ನುಡಿದಿದ್ದರೆಂದು ಟೇಲರನೇ ಬರೆದಿದ್ದಾನೆ. ಎಂತಹ ಲೇಖಕನಿಗಾದರೂ ಇದು ಆಸೆ ಹುಟ್ಟಿಸುವ ಸಂಗತಿ. ಆದರೆ ಭವಿಷ್ಯವಾಣಿಯನ್ನು ಮುಂದೆ ತಂದಷ್ಟೂ ಕೈಯಲ್ಲಿಯ ಪಿಸ್ತೂಲು ಗ್ರಹಗಳದಾಗುತ್ತ ಹೋಗುತ್ತದೆ. ಜಾತಕವನ್ನು ಬಿಡಲಾಗದಿದ್ದರೆ ಅದನ್ನು ಟೇಲರನ ಎದೆಯಲ್ಲಿ ಮಾತ್ರ ಇರಿಸಿ, ರಾಜನ ಕಿವಿಗೆ ತಲುಪದಂತೆ ನೋಡಿಕೊಳ್ಳುವುದು ಲೇಸು.

ಇನ್ನು ತೆತ್ತ ಬೆಲೆಯ ಮಾತು. ನಾಯಕನು ಸತ್ತನೆಂಬುದೇ ಬೆಲೆಯೆಂದು ತಿಳಿಯುವುದು ಸುಲಭವಾದ ತಪ್ಪು. ಸತ್ತವನು ಏನನ್ನೂ ತೆರುವುದಿಲ್ಲ. ನಾಲ್ಕು ವರ್ಷ ಸಹಿಸಿದ್ದರೆ ಮರಳಿ ಬರಬಹುದಾಗಿದ್ದ ಸಂಸ್ಥಾನವು 1860ರಲ್ಲಿ ನಿಜಾಮನ ವಶವಾಯಿತು, ತಿರುಗಿ ಸ್ವತಂತ್ರವಾಗಲೇ ಇಲ್ಲ. ಯಾವುದಕ್ಕಾಗಿ ಕಾದಿದನೋ ಅದನ್ನೇ ಅವನ ಸ್ವಭಾವವು ಕಳೆಯಿತು, ಮತ್ತು ಅದನ್ನು ತೆತ್ತವರು ಆ ಡೇರೆಯಲ್ಲಿ ಇಲ್ಲದ ಜನ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಅವನನ್ನು ವೀರನೆಂದು ಗೌರವಿಸುವುದು ನ್ಯಾಯವೇ. ನಾನೂ ಆ ಗೌರವದಲ್ಲಿ ಪಾಲುಗೊಳ್ಳುವವನು. ಆದರೆ ನಾಟಕದ ಕೊನೆಯಲ್ಲಿ ಜಯಘೋಷವನ್ನು ತಂದು ಈ ನಷ್ಟವನ್ನು ಮುಚ್ಚಬಾರದು. ಗುಂಡಿನ ಸದ್ದಿನ ತರುವಾಯ ಇನ್ನೂ ಒಂದು ದೃಶ್ಯವಿರಲಿ: ಪರಗಣೆಯ ಲೆಕ್ಕದ ಕಡತಗಳನ್ನು ಹಳೆಯ ಸೇವಕನೊಬ್ಬನು ನಿಜಾಮನ ಅಧಿಕಾರಿಗೆ ಒಪ್ಪಿಸಲಿ, ನಾಲ್ಕು ವರ್ಷದ ಮಾತನ್ನು ಆ ಸೇವಕನು ಬಲ್ಲನೆಂಬುದು ಪ್ರೇಕ್ಷಕರಿಗೆ ತಿಳಿದಿರಲಿ.