ಕಾಯಿಲೆಯ ಹೆಸರು ಬೇಡ, ದಾರಿ ಹೇಳಿ

ಮನಸ್ಸಿನ ಆರೋಗ್ಯದ ಬಗ್ಗೆ ಆಪ್ತಸಮಾಲೋಚಕರು ಊರಿನವರಿಗಾಗಿ ಬರೆಯುವಾಗ ಕಾಯಿಲೆಗಳ ಹೆಸರು, ಲಕ್ಷಣಗಳ ಪಟ್ಟಿ ಕೊಡಬೇಕೇ? ಅದೇ ಕಸುಬಿನವಳಾದ ನನಗೆ ಬೇಡವೆನ್ನಿಸುತ್ತದೆ.

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲಿ ಒಬ್ಬ ರೈತನಿದ್ದಾನೆ ಎಂದುಕೊಳ್ಳಿ. ಬೋರ್‌ವೆಲ್ ಬತ್ತಿದೆ, ಕಡಲೆಕಾಯಿ ಕೈಕೊಟ್ಟಿದೆ. ಮೂರು ವಾರದಿಂದ ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ, ಮುದ್ದೆ ಅರ್ಧಕ್ಕೇ ಬಿಡುತ್ತಾನೆ, ಡೇರಿಗೆ ಹಾಲು ಹಾಕಲು ಹೆಂಡತಿಯೇ ಹೋಗುತ್ತಾಳೆ. ಪಟ್ಟಿ ಓದಿದ ಪಕ್ಕದ ಮನೆಯವರು ‘ಇವನಿಗೆ ಖಿನ್ನತೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಇರಬಹುದು. ಆದರೆ ಥೈರಾಯ್ಡ್ ಕುಂದಿದರೂ, ರಕ್ತ ಕಡಿಮೆಯಾದರೂ, ದಿನಾ ಕುಡಿಯುವವನಿಗೂ ಮೈಮನಸ್ಸು ಹೀಗೇ ಸೋಲುತ್ತದೆ. ಅದಕ್ಕೇ ವೈದ್ಯರು ಮೊದಲು ರಕ್ತಪರೀಕ್ಷೆ ಬರೆಯುವುದು. ಬೆಳೆ ಹೋದ ಸಂಕಟ ಕಾಯಿಲೆಯೇ ಅಲ್ಲದಿರಲೂಬಹುದು. ಇಷ್ಟನ್ನೂ ಬಿಡಿಸಿ ನೋಡುವುದು ಗೋಡೆಗೆ ಅಂಟಿಸಿದ ಒಂದು ಹಾಳೆಯ ಕೈಲಾಗುವ ಕೆಲಸವಲ್ಲ. ಊರಲ್ಲಿ ಒಮ್ಮೆ ಅಂಟಿದ ಹೆಸರಂತೂ ಮಗಳ ಸಂಬಂಧ ಕುದುರಿಸುವಾಗಲೂ ಎದುರಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ಬರೆಯುವುದೇನು? ಕಣ್ಣಿಗೆ ಕಾಣುವುದನ್ನು ಬರೆಯಬೇಕು: ನಿದ್ದೆ, ಊಟ, ಕೆಲಸ, ಜನರೊಡನೆ ಮಾತು ಮೊದಲಿನಂತಿಲ್ಲ, ಎರಡು ವಾರವಾದರೂ ಸರಿಹೋಗಿಲ್ಲ ಎಂದರೆ ಒಮ್ಮೆ ತೋರಿಸಿ. ದೇವರಿಗೆ ಹರಕೆ ಹೊತ್ತಿದ್ದರೆ ಅದನ್ನು ಬಿಡಿಸುವ ಅಗತ್ಯವಿಲ್ಲ. ಹರಕೆಯೂ ಇರಲಿ, ಆಸ್ಪತ್ರೆಗೂ ಹೋಗಲಿ. ಎರಡು ವಾರ ಕಾಯಬಾರದ ಸಂದರ್ಭ ಒಂದಿದೆ. ‘ನಾನಿಲ್ಲದಿದ್ದರೇ ವಾಸಿ’ ಎಂಬ ಮಾತು ಬಂದರೆ, ‘ಸಾಯುವ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳಬೇಕು. ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೌದು ಎಂದರೆ ಒಬ್ಬನನ್ನೇ ಬಿಡಬಾರದು, ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಿಂದಾಚೆ ಸಾಗಿಸಬೇಕು, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

‘ಸಹಾಯ ಪಡೆಯಿರಿ’ ಎಂದಷ್ಟೇ ಬರೆದು ನಿಲ್ಲಿಸಿದರೆ ಓದಿದವನಿಗೆ ದಿಕ್ಕು ತೋಚುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲುರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಮಾತಾಡಬಹುದು, ಕನ್ನಡದಲ್ಲೇ. ಮೊದಲು ಸಮಾಲೋಚಕರು ಸಿಗುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಆದರೆ ಫೋನಿನಲ್ಲಿ ರಕ್ತಪರೀಕ್ಷೆ ಆಗುವುದಿಲ್ಲವಲ್ಲ. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಮಂಗಳವಾರಗಳಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಲೆಂದೇ ರಾಜ್ಯ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮ ಮಾಡಿದೆ. ಈ ವಾರ ಬರುತ್ತಾರೋ ಇಲ್ಲವೋ ವಿಚಾರಿಸಿಕೊಂಡು ಶಿರಾ ಬಸ್ಸು ಹತ್ತುವುದು ವಾಸಿ. ಮಾತ್ರೆ ಕೊಟ್ಟರೆ ಅದರ ಗುಣ ಕಾಣಲು ಕೆಲವು ವಾರ ಹಿಡಿಯುವುದುಂಟು ಎಂಬುದನ್ನೂ ಹಾಳೆಯಲ್ಲಿ ಬರೆದಿರಬೇಕು. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರಿದ್ದಾರೆ.